ಎರಡಿಂಚು ಬಿಟ್ಟ ಅರ್ಜಿ

ಟೈಲರಿಗೆ ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಯವರು, ಗಿರಾಕಿಗಳು, ಕೊನೆಗೆ ಸ್ವಂತ ಹೆಂಡತಿ ಕೂಡ ಸಿಟ್ಟು ಬಂದಾಗ ಅವನನ್ನು ಎರಡಿಂಚು ಎಂದೇ ಕರೆಯುತ್ತಿದ್ದರು. ಯಾರು ಯಾವ ಬಟ್ಟೆ ಕೊಟ್ಟರೂ ಹೊಲಿಗೆಯ ಒಳಗಡೆ ಎರಡಿಂಚು ಉಳಿಸಿ ಮಡಚುವುದು ಅವನ ಪದ್ಧತಿ. ಮನುಷ್ಯ ಇವತ್ತಿದ್ದ ಹಾಗೆ ಮುಂದಿನ ವರ್ಷ ಇರುವುದಿಲ್ಲ, ಹೊಟ್ಟೆ ಬರುತ್ತದೆ, ಆಗ ಬಿಚ್ಚಿ ಸಡಿಲ ಮಾಡಲು ಒಳಗೆ ಏನಾದರೂ ಇರಬೇಕು ಎನ್ನುವುದು ಅವನ ವಾದ. ವಾದ ಸರಿಯಾಗಿಯೇ ಇದೆ. ಆದರೆ ಈ ಪದ್ಧತಿ ಬಟ್ಟೆಯಿಂದ ಹೊರಗೆ ಬಂದು ಬದುಕಿಗೆಲ್ಲ ಹಬ್ಬಿಬಿಟ್ಟಿತ್ತು. ಬಸ್ಸು ಒಂಬತ್ತಕ್ಕಿದ್ದರೆ ಹೆಂಡತಿಗೆ ಎಂಟೂವರೆ ಎನ್ನುತ್ತಿದ್ದ. ಎರಡು ಕಿಲೋ ಅಕ್ಕಿ ಬೇಕಿದ್ದರೆ ಅಂಗಡಿಯವನಿಗೆ ಒಂದೂವರೆ ಎಂದು ಹೇಳಿ, ತೂಗುವಾಗ ಅರ್ಧ ಸೇರಿಸುತ್ತಿದ್ದ. ಇರುವುದನ್ನು ಇದ್ದ ಹಾಗೆ ಹೇಳಿದರೆ ಅವನಿಗೆ ಮೈಮೇಲೆ ಬಟ್ಟೆ ಇಲ್ಲದ ಹಾಗೆ ಅನಿಸುತ್ತಿತ್ತು.

ಇಂಥವನು ಮೂರು ವರ್ಷದ ಹಿಂದೆ ಬ್ಯಾಂಕಿನಲ್ಲಿ ಮೂರು ಲಕ್ಷ ವೈಯಕ್ತಿಕ ಸಾಲ ಎತ್ತಿದ. ಒಂದು ಶಾಲೆಯವರು ಸಮವಸ್ತ್ರದ ಕೆಲಸ ಕೊಡುತ್ತೇವೆಂದಿದ್ದರು, ಅದಕ್ಕೆ ಹೊಸ ಮಿಷನ್ನುಗಳು ಬೇಕಿದ್ದವು. ಅಂಗಡಿಗೆಂದು ಸಾಲ ಕೇಳಿದರೆ ಲೆಕ್ಕಪತ್ರ ತೋರಿಸು ಎನ್ನುತ್ತಾರೆ, ಇವನ ಲೆಕ್ಕವೆಲ್ಲ ಸಿಗರೇಟು ಪ್ಯಾಕಿನ ಹಿಂಭಾಗದಲ್ಲಿ. ವೈಯಕ್ತಿಕ ಸಾಲಕ್ಕಾದರೆ ಸಂಬಳದ ಜಾಮೀನುದಾರ ಒಬ್ಬನಿದ್ದರೆ ಸಾಕು. ಅಕ್ಕನ ಗಂಡ, ಅಂದರೆ ಭಾವ, ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಅಕ್ಕ ಎರಡು ದಿನ ಅನ್ನ ಬಿಟ್ಟಳು, ಭಾವ ಸಹಿ ಹಾಕಿದ.

ಒಂದು ವರ್ಷ ಕಂತು ಸರಿಯಾಗಿ ಹೋಯಿತು. ಆಮೇಲೆ ಶಾಲೆಯವರು ರೆಡಿಮೇಡ್ ಕಂಪನಿಯ ಕಡೆ ಹೊರಳಿಕೊಂಡರು. ಅದೇ ದುಃಖದಲ್ಲಿ ಅಂಗಡಿಯ ಬೋರ್ಡಿನಿಂದ ಶಾಲೆಯ ಹೆಸರು ಅಳಿಸಲು ಏಣಿ ಹತ್ತಿದ ಎರಡಿಂಚು ಕೆಳಗೆ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡ. ಐದು ತಿಂಗಳು ಕತ್ತರಿ ಹಿಡಿಯಲಾಗಲಿಲ್ಲ. ಮೂರು ಕಂತು ತಪ್ಪಿದ ಮೇಲೆ ಖಾತೆ ಕೆಟ್ಟ ಸಾಲದ ಪಟ್ಟಿಗೆ ಹೋಯಿತು, ಜಾಮೀನುದಾರನಿಗೆ ನೋಟೀಸು ಹೋಯಿತು.

ಆ ನೋಟೀಸು ಭಾವನ ಮನೆಗೆ ಹೋಗಿದ್ದರೆ ಇಷ್ಟು ರಂಪವಾಗುತ್ತಿರಲಿಲ್ಲ. ಅದು ಹೋದದ್ದು ಕಚೇರಿಗೆ. ಭಾವ ಅಲ್ಲಿ ಟಪಾಲು ವಿಭಾಗದವನು. ಬಂದ ಪ್ರತಿ ಲಕೋಟೆಯನ್ನು ಒಡೆದು, ಮೊಹರು ಹೊಡೆದು, ಯಾರಿಂದ, ಯಾವ ವಿಷಯ ಎಂದು ದೊಡ್ಡ ವಹಿಯಲ್ಲಿ ಬರೆಯುವುದೇ ಅವನ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಒಂದು ಕಾಗದವನ್ನೂ ವಹಿಗೆ ಏರಿಸದೆ ಬಿಟ್ಟವನಲ್ಲ. ಹಾಗಾಗಿ ತನ್ನ ಮಾನ ಕಳೆಯುವ ಕಾಗದವನ್ನೂ ಒಡೆದ, ಮೊಹರು ಹೊಡೆದ, ತನ್ನ ಮುತ್ತಿನಂಥ ಅಕ್ಷರದಲ್ಲಿ 'ವಿಷಯ: ಸಾಲಗಾರರು ಸುಸ್ತಿದಾರರಾದ ಬಗ್ಗೆ ಜಾಮೀನುದಾರರಿಗೆ ನೋಟೀಸು' ಎಂದು ಬರೆದ. ಮಧ್ಯಾಹ್ನದ ಹೊತ್ತಿಗೆ ಆ ವಹಿ ಮೂರು ಮೇಜು ದಾಟಿ ಸಾಹೇಬರ ಸಹಿಗೆ ಹೋಗಿ ಬಂತು. ಅವತ್ತಿನಿಂದ ಭಾವ ಎರಡಿಂಚಿನ ಜೊತೆ ಮಾತು ಬಿಟ್ಟ. ಪ್ರತಿ ಭಾನುವಾರ ಬರುತ್ತಿದ್ದ ಅಕ್ಕನೂ ಬರುವುದನ್ನು ನಿಲ್ಲಿಸಿದಳು. ಹೀಗೆ ಹತ್ತು ತಿಂಗಳು.

ಬ್ಯಾಂಕಿನ ಕಾಟವನ್ನು ಎರಡಿಂಚು ಹೇಗೋ ಸಹಿಸಿಕೊಂಡಿದ್ದ. ಅಕ್ಕ ಬಾರದ ಭಾನುವಾರಗಳನ್ನು ಸಹಿಸಲಾಗಲಿಲ್ಲ. ಅವ್ವ ಹೋದ ಮೇಲೆ ಅವನನ್ನು ಬೆಳೆಸಿದವಳೇ ಅಕ್ಕ. ಕೊನೆಗೆ ಎರಡು ಹೊಸ ಮಿಷನ್ನುಗಳನ್ನು ಮಾರಿ, ಒಂದು ಲಕ್ಷ ಇಪ್ಪತ್ತು ಸಾವಿರ ಹಿಡಿದುಕೊಂಡು ಬ್ಯಾಂಕಿಗೆ ಹೋದ.

ವಸೂಲಿ ವಿಭಾಗದ ಮೇಡಂ ಅವನ ಕಡತ ತೆರೆದರು. ಅಸಲು ಎರಡು ಲಕ್ಷ ಹತ್ತು ಸಾವಿರ, ಬಡ್ಡಿ ದಂಡ ಎಲ್ಲ ಸೇರಿ ಎರಡು ಲಕ್ಷ ಅರವತ್ತನಾಲ್ಕು ಸಾವಿರ.

"ಕಂತಲ್ಲಿ ನಿಮ್ಮ ಕೈಲಾಗಲ್ಲ ಅಂತ ಗೊತ್ತಾಗ್ತಿದೆ" ಎಂದರು ಮೇಡಂ. "ಒಂದೇ ಸಲ ಕಟ್ಟಿ ಮುಗಿಸೋದಕ್ಕೆ ಒಂದು ದಾರಿ ಇದೆ, ಓಟಿಎಸ್ ಅಂತ. ಅರ್ಜಿ ಬರೀರಿ. ಯಾಕೆ ಕಷ್ಟಕ್ಕೆ ಬಂದ್ರಿ, ಎಷ್ಟು ಕೊಡ್ತೀರಿ, ಎಷ್ಟು ದಿನದಲ್ಲಿ, ಆ ದುಡ್ಡು ಎಲ್ಲಿಂದ ಬಂತು. ಅದಕ್ಕೆಲ್ಲ ದಾಖಲೆ ಇಡಿ. ಹೇಳಿದ ಮೊತ್ತದಲ್ಲಿ ನೂರಕ್ಕೆ ಹತ್ತು ಈಗಲೇ ಕಟ್ಟಬೇಕು. ವಲಯ ಕಚೇರಿ ಸಮಿತಿ ಒಪ್ಪಿದ್ರೆ ಉಳಿದದ್ದು ಮನ್ನಾ."

"ಒಪ್ಪದಿದ್ರೆ?"

"ಕಟ್ಟಿದ ಹತ್ತು ವಾಪಸ್ಸು. ನಾವು ಕೋರ್ಟಿಗೆ. ಜಾಮೀನುದಾರರ ಸಂಬಳಕ್ಕೂ ಕೈ ಹಾಕಬೇಕಾಗುತ್ತೆ."

ಎರಡಿಂಚಿಗೆ ಟಪಾಲಿನ ವಹಿ ನೆನಪಾಯಿತು. ಭಾವನ ಸಂಬಳಕ್ಕೆ ಕತ್ತರಿ ಬಿದ್ದರೆ ಆ ಕಾಗದವೂ ಟಪಾಲಿನಲ್ಲೇ ಬರುತ್ತದೆ, ಭಾವನೇ ಅದನ್ನು ಒಡೆಯುತ್ತಾನೆ, ವಹಿಗೂ ಏರಿಸುತ್ತಾನೆ. ಅದಾದ ಮೇಲೆ ಅಕ್ಕನ ಮುಖ ನೋಡುವ ಆಸೆಯನ್ನು ಬಿಟ್ಟುಬಿಡಬೇಕು.

ಮೊದಲನೆಯ ಅರ್ಜಿಯನ್ನು ಅವನೇ ಬರೆದ. ಬರೆಯಲು ಕೂತವನಿಗೆ ಅಂಗಡಿ ಖಾಲಿ ಹೊಡೆಯುತ್ತಿದೆ ಎಂದು ಬರೆಯಲು ಕೈಯೇ ಬರಲಿಲ್ಲ. ಇವತ್ತು ಬ್ಯಾಂಕಿನವರು ಓದುತ್ತಾರೆ, ನಾಳೆ ಅವರೇ ಪ್ಯಾಂಟು ಹೊಲಿಸಲು ಬಂದರೆ? ಮೇಡಂ ಎರಡು ಸಾಲು ಓದಿ ತಲೆ ಎತ್ತಿದರು.

"'ನನ್ನ ಹೊಲಿಗೆಗೆ ಈ ಭಾಗದಲ್ಲಿ ಅಪಾರ ಬೇಡಿಕೆ ಇದ್ದು' ಅಂತ ಬರ್ದಿದೀರಿ."

"ಹೌದು ಮೇಡಂ."

"ಹಾಗಿದ್ರೆ ಪೂರ್ತಿ ಕಟ್ಟಿಬಿಡಿ."

ಎರಡನೆಯದನ್ನು ಹೆಂಡತಿ ಬರೆದಳು. ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ತೆಗೆದುಕೊಂಡವಳು, ಇಷ್ಟು ವರ್ಷ ಅವಳಿಗೆ ಅವಕಾಶ ಸಿಕ್ಕಿರಲಿಲ್ಲ. ನಾಲ್ಕು ಪುಟ ಹರಿಯಿತು. ಓದಿದ ಎರಡಿಂಚಿಗೇ ಕಣ್ಣಲ್ಲಿ ನೀರು ಬಂತು, ಪಾಪ ಯಾರೋ ಎಂದುಕೊಂಡ. ಮೇಡಂ ಮಾತ್ರ ಮೂರನೆಯ ಪುಟದಲ್ಲಿ ನಿಂತರು.

"'ಅಂದೇ ನನ್ನ ಪತಿಯ ಬಾಳಿನ ದೀಪ ಆರಿತು.' ಈ ಪ್ರಕಾರ ನೀವು ಮಾರ್ಚಿ ತಿಂಗಳಲ್ಲೇ ತೀರ್ಕೊಂಡಿದೀರಿ."

"ಅದು ಕೈ ಮುರಿದಿದ್ದಕ್ಕೆ ಹಾಗೆ ಹೇಳಿದಾಳೆ ಮೇಡಂ."

"ತೀರ್ಕೊಂಡವರ ಸಾಲಕ್ಕೆ ಬೇರೆ ದಾರಿ ಇದೆ, ಮರಣ ಪತ್ರ ಬೇಕು. ತರ್ತೀರಾ?" ಮೇಡಂ ಒಂದು ಖಾಲಿ ಹಾಳೆ ಮುಂದಿಟ್ಟರು. "ನೋಡಿ, ನೀವು ಗಿರಾಕಿ ಅಳತೆ ಬರ್ಕೋತೀರಲ್ಲ, ಹೊಗಳಿ ಬರೀತೀರಾ, ಅತ್ತು ಬರೀತೀರಾ? ಸೊಂಟ ಮೂವತ್ತಾರಿದ್ರೆ ಮೂವತ್ತಾರು. ಹಾಗೆ ಬರೀರಿ."

ಅಲ್ಲೇ ಬೆಂಚಿನ ಮೇಲೆ ಕೂತು ಮೂರನೆಯ ಅರ್ಜಿ ಬರೆದ. ಸಮವಸ್ತ್ರದ ಕೆಲಸ ಇಂಥ ತಿಂಗಳು ನಿಂತಿತು. ಮಣಿಕಟ್ಟು ಇಂಥ ದಿನ ಮುರಿಯಿತು, ಆಸ್ಪತ್ರೆ ಚೀಟಿ ಲಗತ್ತಿಸಿದೆ. ಮೊದಲು ತಿಂಗಳಿಗೆ ಇಷ್ಟು ಬರುತ್ತಿತ್ತು, ಈಗ ಇಷ್ಟು ಬರುತ್ತಿದೆ. ಎರಡು ಮಿಷನ್ನು ಮಾರಿದ ರಸೀದಿ ಲಗತ್ತಿಸಿದೆ. ಒಂದು ಲಕ್ಷ ಇಪ್ಪತ್ತು ಸಾವಿರವನ್ನು ಮಂಜೂರಾದ ಮೂವತ್ತು ದಿನದೊಳಗೆ ಒಂದೇ ಸಲ ಕಟ್ಟುತ್ತೇನೆ, ಖಾತೆ ಮುಗಿಸಿ ಜಾಮೀನುದಾರರನ್ನು ಬಿಡುಗಡೆ ಮಾಡಬೇಕಾಗಿ ವಿನಂತಿ. ಅರ್ಧ ಪುಟದಲ್ಲಿ ಮುಗಿಯಿತು. ಬರೆದದ್ದನ್ನು ಓದಿಕೊಂಡಾಗ ಎರಡಿಂಚಿಗೆ ನಾಚಿಕೆಯೂ ಆಯಿತು, ಯಾಕೋ ಹಗುರವೂ ಆಯಿತು.

ಅಷ್ಟೂ ನಿಜವೇ. ಒಂದನ್ನು ಬಿಟ್ಟು. ಹೆಂಡತಿ ಎತ್ತಿದ ಚೀಟಿಯ ಹಣ ನಲವತ್ತು ಸಾವಿರ ಮನೆಯಲ್ಲಿ ಹೊಲಿಗೆ ಡಬ್ಬಿಯ ತಳದಲ್ಲಿತ್ತು. ಅಂಗಡಿಗೆ ನಾಲ್ಕು ತಿಂಗಳ ಬಾಡಿಗೆ ಬಾಕಿ, ಮಾಲೀಕ ತಿಂಗಳ ಕೊನೆಗೆ ಬೀಗ ಜಡಿಯುತ್ತೇನೆ ಎಂದಿದ್ದ. ಆ ನಲವತ್ತನ್ನು ಅರ್ಜಿಯಲ್ಲಿ ಹೇಳಲಿಲ್ಲ. ಬ್ಯಾಂಕಿನವರು ಎಳೆದರೆ ಬಿಚ್ಚಲು ಒಳಗೆ ಎರಡಿಂಚು ಇರಲಿ ಎಂದು ಮಡಚಿಟ್ಟುಕೊಂಡ.

ಹನ್ನೆರಡು ಸಾವಿರ ಕಟ್ಟಿಸಿಕೊಂಡ ಮೇಡಂ ಇನ್ನೊಂದು ಕಾಗದ ಕೊಟ್ಟರು. "ಇದು ಜಾಮೀನುದಾರರ ಒಪ್ಪಿಗೆ. ಸಹಿ ಮಾಡಿಸ್ಕೊಂಡು ಬನ್ನಿ."

ಎರಡಿಂಚು ಆ ಕಾಗದವನ್ನು ಕೆಂಡ ಹಿಡಿದ ಹಾಗೆ ಹಿಡಿದುಕೊಂಡ.

ನೀರು ಸರಬರಾಜು ಕಚೇರಿಯ ಟಪಾಲು ವಿಭಾಗದಲ್ಲಿ ಎರಡು ಮೇಜು. ಒಂದರಲ್ಲಿ ಭಾವ, ಎದುರಿನದರಲ್ಲಿ ಟೈಪಿಸ್ಟ್. ಎರಡಿಂಚು ಬಾಗಿಲಲ್ಲಿ ನಿಂತು ಕೆಮ್ಮಿದ. ಭಾವ ಲಕೋಟೆ ಒಡೆಯುವುದನ್ನು ನಿಲ್ಲಿಸಲಿಲ್ಲ.

"ಭಾವ, ಒಂದು ಸಹಿ ಬೇಕಿತ್ತು."

ಭಾವ ಟೈಪಿಸ್ಟಿನ ಕಡೆ ತಿರುಗಿದ. "ಯಾರೋ ಬಂದಿದಾರೆ. ಯಾವ ವಿಷಯ ಕೇಳಿ."

ಟೈಪಿಸ್ಟ್ ಸಂಕೋಚದಿಂದ ಎರಡಿಂಚಿನ ಮುಖ ನೋಡಿದ. "ಯಾವ ವಿಷಯ ಅಂತ ಕೇಳ್ತಿದಾರೆ."

"ಬ್ಯಾಂಕಿಗೆ ಒಂದೇ ಸಲ ಕಟ್ಟಿ ಮುಗಿಸ್ತಿದೀನಿ ಅಂತ ಹೇಳಿ" ಎಂದ ಎರಡಿಂಚು. ಮೂರು ಹೆಜ್ಜೆ ದೂರದಲ್ಲಿದ್ದ ಭಾವನ ಕಿವಿಗೆ ಅದು ಬಿದ್ದೇ ಬಿದ್ದಿತ್ತು. ಆದರೂ ಟೈಪಿಸ್ಟ್ ಹೇಳುವ ತನಕ ಕಾದ.

"ಅರ್ಜಿ ನಕಲು ತಂದಿದಾರಾ ಕೇಳಿ."

ನಕಲು ಒಪ್ಪಿಗೆ ಕಾಗದದ ಸಮೇತ ಎರಡು ಮೇಜಿನ ನಡುವೆ ಪ್ರಯಾಣ ಮಾಡಿತು. ಭಾವ ಕನ್ನಡಕ ಏರಿಸಿ ನಿಧಾನ ಓದಿದ. ಓದುತ್ತಾ ಅಭ್ಯಾಸ ಬಲದಿಂದ ಕೈ ಮೊಹರಿನ ಕಡೆ ಹೋಯಿತು, ನಡುದಾರಿಯಲ್ಲಿ ಎಚ್ಚರವಾಗಿ ವಾಪಸ್ಸು ಬಂತು.

"ಒಂದು ಲಕ್ಷ ಇಪ್ಪತ್ತು ಅಂತ ಇದೆ. ಒಳಗೆ ಎಷ್ಟು ಬಿಟ್ಟಿದಾರೆ ಕೇಳಿ."

ಟೈಪಿಸ್ಟಿಗೆ ತಲೆಬುಡ ಅರ್ಥವಾಗಲಿಲ್ಲ. ಎರಡಿಂಚಿಗೆ ಚೆನ್ನಾಗಿ ಅರ್ಥವಾಯಿತು. ಇಪ್ಪತ್ತೆರಡು ವರ್ಷದಿಂದ ಅವನೇ ಹೊಲಿದ ಪ್ಯಾಂಟು ತೊಟ್ಟ ಮನುಷ್ಯ ಅದು.

"ಏನೂ ಬಿಟ್ಟಿಲ್ಲ ಅಂತ ಹೇಳಿ" ಎಂದ, ನೆಲ ನೋಡುತ್ತಾ.

ಭಾವ ಆ ಅರ್ಧ ಪುಟವನ್ನು ಇನ್ನೊಮ್ಮೆ ಮೇಲಿನಿಂದ ಓದಿದ. ಆಮೇಲೆ ಒಪ್ಪಿಗೆ ಕಾಗದವನ್ನು ತನ್ನ ಖಾನೆಯೊಳಗೆ ಇಟ್ಟುಕೊಂಡ. "ಜಾಮೀನುದಾರರ ಕಾಗದ ಜಾಮೀನುದಾರರೇ ತಲುಪಿಸ್ತಾರೆ ಅಂತ ಹೇಳಿ. ಅವರು ಇನ್ನು ಹೊರಡಬಹುದು ಅಂತಾನೂ ಹೇಳಿ."

ಮೂರು ವಾರ ಉತ್ತರ ಬರಲಿಲ್ಲ. ಎರಡಿಂಚು ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದ. ಒಬ್ಬ ಗಿರಾಕಿಯ ಅಂಗಿಗೆ ಎರಡೂ ತೋಳು ಎಡಗೈಯದೇ ಹಚ್ಚಿದ. ಭಾವ ಸಹಿ ಹಾಕಿದನೋ ಇಲ್ಲವೋ ಎಂದು ಬ್ಯಾಂಕಿಗೆ ಹೋಗಿ ಕೇಳಲು ಧೈರ್ಯವಿರಲಿಲ್ಲ. ನಾಲ್ಕನೆಯ ವಾರ ಮೇಡಂ ಫೋನ್ ಮಾಡಿ ಕರೆಸಿದರು.

"ಸಮಿತಿ ಒಪ್ಪಿದೆ" ಎಂದರು. "ಒಂದು ಲಕ್ಷ ಅರವತ್ತು ಸಾವಿರಕ್ಕೆ."

"ನಾನು ಇಪ್ಪತ್ತು ಅಂತ ಬರ್ದಿದ್ದೆ ಮೇಡಂ."

"ನಿಮ್ಮದು ಇಪ್ಪತ್ತೇ. ನಲವತ್ತು ಜಾಮೀನುದಾರರು ಕೊಡ್ತಾರೆ. ಅವರು ಒಪ್ಪಿಗೆ ಜೊತೆ ಒಂದು ಪತ್ರ ಕೊಟ್ಟಿದ್ರು, ಅದನ್ನೂ ಸೇರಿಸಿ ಕಳಿಸಿದ್ದೆ. ನೋಡಿ."

ಕಡತದಲ್ಲಿ ಆ ಮುತ್ತಿನಂಥ ಅಕ್ಷರ. ಎಲ್ಲಕ್ಕೂ ಸಂಖ್ಯೆ ಹಾಕಿತ್ತು.

'ಒಂದು. ಸಾಲಗಾರರು ನನ್ನ ಹೆಂಡತಿಯ ತಮ್ಮ. ಇಪ್ಪತ್ತೆರಡು ವರ್ಷಗಳಿಂದ ಬಲ್ಲೆ. ಎರಡು. ಅವರು ಒಂದು ಲಕ್ಷ ಇಪ್ಪತ್ತು ಸಾವಿರ ಇದೆ ಎಂದಿದ್ದಾರೆ. ಅವರ ಪದ್ಧತಿಯ ಪ್ರಕಾರ ಇನ್ನೂ ಸುಮಾರು ನಲವತ್ತು ಸಾವಿರ ಒಳಗೆ ಇರತಕ್ಕದ್ದು.'

ಎರಡಿಂಚಿಗೆ ಮೈಯೆಲ್ಲ ಉರಿಯಿತು. ಮಾತು ಬಿಟ್ಟದ್ದು ಸಾಲದೆಂದು ಮನೆಯ ಗುಟ್ಟನ್ನು ಬ್ಯಾಂಕಿಗೆ ಬರೆದುಕೊಟ್ಟಿದ್ದಾನೆ. ಇದಕ್ಕಿಂತ ಚಾಕು ಹಾಕಬಹುದಿತ್ತು. ಮುಂದಿನದನ್ನು ಓದುವುದೇ ಬೇಡವೆನಿಸಿತು, ಆದರೆ ಕಣ್ಣು ಆಗಲೇ ಕೆಳಗಿನ ಸಾಲಿಗೆ ಹೋಗಿತ್ತು.

'ಮೂರು. ಸದರಿ ನಲವತ್ತು ಸಾವಿರವನ್ನು ಅವರಿಂದ ಕೇಳಬಾರದಾಗಿ ವಿನಂತಿ. ಅಂಗಡಿಯ ಬಾಡಿಗೆ ನಾಲ್ಕು ತಿಂಗಳದ್ದು ಬಾಕಿ ಇರುವುದಾಗಿ ಮಾಲೀಕರಲ್ಲಿ ವಿಚಾರಿಸಿ ತಿಳಿದಿರುತ್ತೇನೆ. ಅಂಗಡಿ ಹೋದರೆ ಆ ಮನುಷ್ಯ ಕುಸಿದು ಕೂರುತ್ತಾನೆ. ನಾಲ್ಕು. ಅಷ್ಟೇ ಮೊತ್ತವನ್ನು ಜಾಮೀನುದಾರನಾದ ನಾನು ನನ್ನ ಉಳಿತಾಯದಿಂದ ಕಟ್ಟುತ್ತೇನೆ. ಐದು. ಈ ಪತ್ರವನ್ನು ಸಾಲಗಾರರಿಗೆ ತೋರಿಸಬಾರದಾಗಿ ವಿನಂತಿ.'

"ಐದನೇದು ನಾನು ಈಗ ನೋಡ್ತಿದೀನಿ" ಎಂದರು ಮೇಡಂ, ಕಡತವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಳ್ಳುತ್ತಾ. "ಅಸಲಿನ ಮುಕ್ಕಾಲು ಭಾಗ ಬರ್ತಿದೆ ಅಂತ ಸಮಿತಿ ಒಪ್ಪಿತು. ನೀವು ಒಳಗೆ ಇಟ್ಕೊಂಡಿರೋದರ ಬಗ್ಗೆ ನಾನು ಕೇಳಲ್ಲ. ಆದ್ರೆ ಅರ್ಜೀಲಿ ಹೇಳಬೇಕಾಗಿತ್ತು."

ನಾಚಿಕೆಯಿಂದ ಎರಡಿಂಚಿನ ಕಿವಿ ಬಿಸಿಯಾಗಿತ್ತು. ಹತ್ತು ತಿಂಗಳು ತಾನು ಭಾವನನ್ನು ಮನಸ್ಸಿನಲ್ಲಿ ಬೈದದ್ದೆಲ್ಲ ಒಂದೊಂದೇ ನೆನಪಾಗುತ್ತಿತ್ತು.

"ಮೇಡಂ, ಅಷ್ಟೂ ನಾನೇ ಕಟ್ಟಿದ್ರೆ?"

"ಖಾತೆಗೆ ಒಂದು ಅರವತ್ತು ಬರಬೇಕು, ಅಷ್ಟೇ. ಯಾರ ಜೇಬಿಂದ ಅಂತ ಬ್ಯಾಂಕಿಗೆ ಏನಾಗಬೇಕು."

ಚೀಟಿಯ ಹಣ ಹೆಂಡತಿಯದು, ಅವಳನ್ನು ಕೇಳದೆ ಮುಟ್ಟುವ ಹಾಗಿರಲಿಲ್ಲ. ಮನೆಗೆ ಬಂದು ಪತ್ರದ ಐದೂ ಅಂಶಗಳನ್ನು ಹೇಳಿದ. ಹೆಂಡತಿ ಸೊಪ್ಪು ಬಿಡಿಸುತ್ತಾ ಕೇಳಿದಳು. ಮುಗಿದ ಮೇಲೆ ಎದ್ದು, ಹೊಲಿಗೆ ಡಬ್ಬಿಯನ್ನು ತಂದು ಅವನ ಮುಂದೆ ಇಟ್ಟಳು.

"ಅಂಗಡಿ?" ಎಂದ ಎರಡಿಂಚು.

"ಮಾಲೀಕನಿಗೆ ಬೀಗದ ಕೈ ಕೊಡಿ. ನಾವು ಕೊಟ್ಟ ಮುಂಗಡದಲ್ಲಿ ಬಾಕಿ ಮುರ್ಕೊಳ್ಳಲಿ. ಉಳಿದಿರೋ ಒಂದು ಮಿಷನ್ನು ಹಜಾರಕ್ಕೆ ಬರಲಿ, ಇಲ್ಲೇ ಹೊಲೀರಿ."

"ಬೋರ್ಡು ಎಲ್ಲಿ ಹಾಕೋದು?"

"ಬೋರ್ಡಿಗಂತ ಇನ್ನೊಂದ್ಸಲ ಏಣಿ ಹತ್ತಿದ್ರೆ ಅರ್ಜಿ ನಾನೇ ಬರೀತೀನಿ ನೋಡಿ" ಎಂದಳು.

ಮಾರನೆಯ ದಿನ ಎರಡಿಂಚು ಬಾಕಿ ಒಂದು ಲಕ್ಷ ನಲವತ್ತೆಂಟು ಸಾವಿರವನ್ನೂ ಕಟ್ಟಿದ. ಬದುಕಿನಲ್ಲಿ ಮೊದಲ ಸಲ ಇದ್ದದ್ದನ್ನೆಲ್ಲ ಹೊರಗೆ ಹಾಕಿದ್ದ. ಮೇಡಂ ರಸೀದಿ ಕೊಟ್ಟರು, ಬಾಕಿ ಇಲ್ಲ ಎನ್ನುವ ಪತ್ರ ವಾರದಲ್ಲಿ ಬರುತ್ತದೆಂದರು. ಸಾಲದ ದಾಖಲೆಯಲ್ಲಿ 'ಪೂರ್ತಿ ತೀರಿಸಿದ' ಎಂದು ಬರುವುದಿಲ್ಲ, 'ರಾಜಿಯಲ್ಲಿ ಮುಗಿದ' ಎಂದೇ ಇರುತ್ತದೆ, ಕೆಲವು ವರ್ಷ ಯಾವ ಬ್ಯಾಂಕೂ ಸುಲಭಕ್ಕೆ ಸಾಲ ಕೊಡುವುದಿಲ್ಲ ಎಂದೂ ಹೇಳಿದರು.

"ನನ್ನ ಹೆಂಡತಿಗೆ ಇದನ್ನ ಬರೆದು ಕೊಡ್ತೀರಾ ಮೇಡಂ, ಖುಷಿ ಪಡ್ತಾಳೆ" ಎಂದ ಎರಡಿಂಚು.

ಅಲ್ಲಿಂದ ನೇರ ನೀರು ಸರಬರಾಜು ಕಚೇರಿಗೆ ಹೋದ. ಭಾವ ವಹಿ ತುಂಬುತ್ತಿದ್ದ. ಎರಡಿಂಚು ರಸೀದಿಯನ್ನು ಟೈಪಿಸ್ಟಿನ ಮೇಜಿನ ಮೇಲೆ ಇಟ್ಟ. ಟೈಪಿಸ್ಟ್ ಈಗ ಅನುಭವಸ್ಥ, ತಾನಾಗಿಯೇ ಎದ್ದು ಭಾವನಿಗೆ ಕೊಟ್ಟ.

ಭಾವ ಓದಿದ. ಮತ್ತೆ ಓದಿದ. ಪೆನ್ನನ್ನು ಕೆಳಗಿಟ್ಟ.

"ಇದೇನಿದು, ಒಂದು ಅರವತ್ತೂ ಅವರೇ ಕಟ್ಟಿದಾರಲ್ಲ, ಕೇಳಿ..." ಎಂದು ಟೈಪಿಸ್ಟಿನ ಕಡೆ ತಿರುಗಿದವನು ಅಲ್ಲೇ ನಿಂತ. ಟೈಪಿಸ್ಟ್ ಬಾಯಿ ತೆರೆಯುವಷ್ಟರಲ್ಲಿ ಭಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ಟಿದ್ದ.

"ನಿನಗೆ ಬುದ್ಧಿ ಇದೆಯೇನೋ" ಎಂದ. ಈ ಸಲ ಮಾತು ನೇರ ಎರಡಿಂಚಿನ ಮುಖಕ್ಕೇ ಬಂತು. "ಯಾರು ಹೇಳಿದ್ರು ನಿನಗೆ ಪೂರ್ತಿ ಕಟ್ಟು ಅಂತ? ಅಂಗಡಿ ಬಾಡಿಗೆ ಯಾರು ನಿಮ್ಮಪ್ಪ ಕಟ್ತಾನಾ?"

"ಅಂಗಡಿ ಬಿಟ್ಟೆ ಭಾವ. ಮನೇಲೇ ಹೊಲೀತೀನಿ."

"ಬಿಟ್ಟೆ. ಎಷ್ಟು ಸುಲಭವಾಗಿ ಹೇಳ್ತಾನೆ ನೋಡಿ. ಹದಿನೆಂಟು ವರ್ಷದ ಅಂಗಡಿ. ನಾನು ಮನುಷ್ಯ ಅಂತ ಒಬ್ಬ ಇದ್ನಲ್ಲ, ಬಂದು ಒಂದು ಮಾತು ಕೇಳಕ್ಕೇನಾಗಿತ್ತು ರೋಗ? ಕತ್ತೆ. ಕತ್ತೆಗಾದ್ರೂ ದಾರಿ ಗೊತ್ತಿರುತ್ತೆ. ಶಾಲೆಯವರು ಕೆಲಸ ಬಿಡಿಸಿದಾಗ ಹೇಳ್ಲಿಲ್ಲ. ಕಂತು ನಿಂತಾಗ ಹೇಳ್ಲಿಲ್ಲ. ಎಲ್ಲ ಒಳಗೇ ಮಡಚಿಟ್ಕೋ. ನೋಟೀಸು ಬಂದ ದಿನ ನಾನು ಈ ಕುರ್ಚೀಲಿ ಹೇಗೆ ಕೂತಿದ್ದೆ ಗೊತ್ತೇನೋ ನಿನಗೆ?"

ಮುಂದಿನ ಕೊಠಡಿಯಿಂದ ಜನ ಇಣುಕಿದರು. ಟೈಪಿಸ್ಟ್ ಕಿಟಕಿಯ ಕಡೆ ನೋಡುತ್ತಾ ನಿಂತ. ಭಾವನ ಬಾಯಿಗೆ ಹತ್ತು ತಿಂಗಳಿಂದ ಜಡಿದ ಬೀಗ ತೆಗೆದ ಹಾಗಾಗಿತ್ತು. ತನ್ನ ಮದುವೆಗೆ ಎರಡಿಂಚು ತಡವಾಗಿ ಬಂದದ್ದರಿಂದ ಹಿಡಿದು, ಏಣಿ ಹತ್ತಿದ ಮೂರ್ಖತನದವರೆಗೆ ಒಂದನ್ನೂ ಬಿಡದೆ ಬೈದ. ಎರಡಿಂಚು ತಲೆ ತಗ್ಗಿಸಿ ಹೂಂ ಭಾವ, ಹೌದು ಭಾವ ಎನ್ನುತ್ತಾ ನಿಂತಿದ್ದ. ಇಷ್ಟು ಸುಖವಾಗಿ ಅವನು ಯಾವತ್ತೂ ಬೈಸಿಕೊಂಡಿರಲಿಲ್ಲ.

ನಡುವೆ ಅವನ ಜೇಬಿನ ಫೋನು ಕೂಗಿತು. ಅಕ್ಕ.

"ನಿನ್ನ ಹೆಂಡತಿ ಹೇಳಿದ್ಲು, ಹಣ ಕಟ್ಟಿದ್ಯೇನೋ?" ಎಂದಳು. ಆಮೇಲೆ, "ಏನೋ ಅದು ಅಲ್ಲಿ ಗಲಾಟೆ?"

"ಭಾವ ಬೈತಿದಾರೆ ಅಕ್ಕ."

"ಯಾರಿಗೆ?"

"ನನಗೇ."

"ನಿನಗೇ? ಟೈಪಿಸ್ಟಿನ ಹತ್ರ ಹೇಳಿಸ್ತಿಲ್ಲವಾ?"

"ಇಲ್ಲ ಅಕ್ಕ. ನೇರ ನನಗೇ ಬೈತಿದಾರೆ."

ಅಕ್ಕ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಫೋನ್ ಇಡಬೇಡ ಕಣೋ" ಎಂದಳು. "ಸ್ವಲ್ಪ ಅವರ ಕಡೆಗೆ ಹಿಡಿ, ನಾನೂ ಕೇಳ್ತೀನಿ."